ಆಡು ಅಂದ್ರೆ ಮೇಕೆ ಅಂದ್ರು ಅಜ್ಜಿ

ಈ ಸಲದ ಮಳೆ ಸಂಚಿಕೆಗೆ ನಾವು ಮೂವರು ಸೇರಿ ಒಂದು ಕವನ ಬರೆದಿದ್ದೀವಿ. ಕವನ ಇರೋದು ಆರೇ ಸಾಲು. ಅದರ ಕಥೆ ಮಾತ್ರ ಆರು ಸಾಲಿಗೆ ಮುಗಿಯಲ್ಲ, ಹಾಗಾಗಿ ಈ ಬರಹ.

ಮೂವರು ಅಂದ್ರೆ ಒಬ್ಬ ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬ ಸಿಎಸ್. ಮೂವರೂ ಎರಡನೇ ವರ್ಷ, ಒಂದೇ ರೂಮು, ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡೋಕೆ ಏನೂ ತೊಂದರೆ ಇಲ್ಲ. ಬರೆಯೋಕೆ ಕೂತಾಗ ಮಾತ್ರ 'ಳ' ಎಲ್ಲಿ, 'ಲ' ಎಲ್ಲಿ ಅಂತ ಒಬ್ಬರ ಮುಖ ಒಬ್ಬರು ನೋಡ್ತೀವಿ. ಮೆಸೇಜಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿ ಅಭ್ಯಾಸ. ಹಾಗೆ ಮಳೆ ಅಂತ ಬರೆದರೆ ಅದು male ಆಗುತ್ತೆ, ನಮ್ಮ ಕವನದ ಮೊದಲ ಶೀರ್ಷಿಕೆ ನೋಡಿ ಪಕ್ಕದ ರೂಮಿನವರು 'ಮೊದಲ ಗಂಡಸು ಯಾರಪ್ಪಾ?' ಅಂತ ಕೇಳಿದ್ರು.

ಹೀಗಿರುವಾಗ ಇಮೋಜಿ ಉಪಾಯ ಹೊಳೀತು. ಮೊದಲ ಮಳೆ ಬಗ್ಗೆ ಕವನ ಬರೆಯೋದು, ಕೆಲವು ಪದಗಳ ಜಾಗದಲ್ಲಿ ಇಮೋಜಿ ಇಡೋದು, ಓದುವವರು ಚಿತ್ರ ನೋಡಿ ಪದ ಹೇಳಬೇಕು. ಇದಕ್ಕೆ ರೀಬಸ್ ಅಂತ ಹೆಸರು. ಬರೀ ಚಿತ್ರ ಹಾಕಿದ್ರೆ ರೀಬಸ್ ಆಗಲ್ಲ. ಮೋಡ ಅನ್ನೋ ಕಡೆ ಮೋಡದ ಚಿತ್ರ ಹಾಕಿದ್ರೆ ಅದು ಚಿತ್ರ ಅಷ್ಟೇ. ಚಿತ್ರದ ವಸ್ತುವನ್ನ ಬಿಟ್ಟು, ಆ ವಸ್ತುವಿನ ಹೆಸರಿನ ಸದ್ದನ್ನ ಮಾತ್ರ ತಗೊಂಡು ಬೇರೆ ಅರ್ಥಕ್ಕೆ ಬಳಸಿದಾಗ ಅದು ರೀಬಸ್. ಈಜಿಪ್ಟಿನಲ್ಲಿ 5000 ವರ್ಷಗಳ ಹಿಂದೆಯೇ ಇದನ್ನ ಮಾಡಿದ್ದಾರೆ. ನಾರ್ಮೆರ್ ಅನ್ನೋ ರಾಜನ ಕಲ್ಲಿನ ಫಲಕದ ಮೇಲೆ ಅವನ ಹೆಸರಿನ ಜಾಗದಲ್ಲಿ ಒಂದು ಮೀನು, ಒಂದು ಉಳಿ ಇದೆ. ಆ ಜಾತಿ ಮೀನಿಗೆ ಅವರ ಭಾಷೆಯಲ್ಲಿ 'ನರ್', ಉಳಿಗೆ 'ಮೆರ್'. ರಾಜನಿಗೂ ಮೀನಿಗೂ ಏನೂ ಸಂಬಂಧ ಇಲ್ಲ, ಸದ್ದು ಮಾತ್ರ ಒಂದು.

ಕನ್ನಡದಲ್ಲಿ ಇಂಥ ಜೋಡಿ ಪದ ಹುಡುಕೋಕೆ ಕೂತ್ವಿ. ಒಂದು ಸಂಜೆಯಲ್ಲಿ ಸಿಕ್ಕಿದ್ದು ಇಷ್ಟು. 7 ಅಂದ್ರೆ ಏಳು, ಮಲಗಿದವರನ್ನ ಎಬ್ಬಿಸೋದೂ 'ಏಳು'. 🐐 ಅಂದ್ರೆ ಆಡು, ಆಟ ಆಡು ಅನ್ನೋದೂ 'ಆಡು'. 🌙 ಅಂದ್ರೆ ತಿಂಗಳು, ಕ್ಯಾಲೆಂಡರಿನ ತಿಂಗಳೂ 'ತಿಂಗಳು'. ಗೋಡೆಗೆ ಹೊಡೆಯೋದು ಮೊಳೆ, ಬೀಜ ಚಿಗುರೋದೂ 'ಮೊಳೆ'. ಮೊದಲ ಮಳೆಗೆ ಇದಕ್ಕಿಂತ ಒಳ್ಳೆ ಪದ ಬೇಕಾ ಅಂತ ಖುಷಿಯಾಯ್ತು. ಆದರೆ ಇಮೋಜಿ ಪಟ್ಟಿಯಲ್ಲಿ ಸುತ್ತಿಗೆ ಇದೆ, ಬೋಲ್ಟು ನಟ್ಟು ಇದೆ, ಮೊಳೆ ಇಲ್ಲ. ಬೋಲ್ಟನ್ನೇ ಹಾಕಿದ್ವಿ. ಮೆಕ್ಯಾನಿಕಲ್‌ನವನು ಅವಾಗಲೇ 'ಇದನ್ನ ಮೊಳೆ ಅಂದ್ರೆ ನಮ್ಮ ಡಿಪಾರ್ಟ್‌ಮೆಂಟಿನವರು ಬಿಡಲ್ಲ' ಅಂದಿದ್ದ, ನಾವು ಕೇಳಲಿಲ್ಲ.

ಮೊದಲ ಕರಡು ಹೀಗಿತ್ತು:

ನೆಲ ಕಾದಿತ್ತು 6️⃣ 🌙
ಆಕಾಶದ ತುಂಬ ☁️ ⚡
ಅಜ್ಜಿ ಅಂದಳು 7️⃣ ಮಗಾ
☔ ಬೇಡ, ಬಾ 🐐
ಹೊಲದಲ್ಲಿ ಬೀಜ 🔩

ಇಲ್ಲಿ ಒಂದು ನಿಜ ಹೇಳಿಬಿಡ್ತೀವಿ. ಇದರಲ್ಲಿ ಮಿಂಚಿಗೆ ಇಮೋಜಿ ಇಟ್ಟದ್ದು ಒಗಟಿಗಾಗಿ ಅಲ್ಲ. ಅಲ್ಲಿ ಸಿಡಿಲು ಅಂತ ಬರಬೇಕಿತ್ತು. ಅದು ಸಿಡಿಲೋ ಸಿಡಿಳೋ ನಮಗೆ ಗೊತ್ತಿರಲಿಲ್ಲ. ತಪ್ಪು ಬರೆದು ನಗಿಸಿಕೊಳ್ಳೋದಕ್ಕಿಂತ ಚಿತ್ರ ಹಾಕಿದ್ರೆ ಜಾಣತನ ಥರ ಕಾಣುತ್ತೆ ಅಂತ ಹಾಕಿದ್ವಿ.

ಇಂಟರ್ನಲ್ಸ್ ಮುಗಿದ ಶನಿವಾರ ಸಿವಿಲ್‌ನವನ ಊರಿಗೆ ಹೊರಟ್ವಿ. ಅವನದು ಕಾಮಸಮುದ್ರ. ಬಂಗಾರಪೇಟೆಯಿಂದ ಕುಪ್ಪಂ ಕಡೆ ಹೋಗೋ ರೈಲು ಹಳಿ ಮೇಲೆ ಬರೋ ಊರು, ಇನ್ನೊಂದಿಷ್ಟು ದೂರ ಹೋದ್ರೆ ಆಂಧ್ರ, ಈ ಕಡೆ ತಿರುಗಿದ್ರೆ ತಮಿಳುನಾಡೂ ಹತ್ತಿರ. ರೈಲಲ್ಲಿ ಕೂತು ಊರಿನ ಹೆಸರನ್ನೂ ಇಮೋಜಿ ಮಾಡಿದ್ವಿ. ಕಾಮನಿಗೆ ಬಿಲ್ಲು ಬಾಣ, ಸಮುದ್ರಕ್ಕೆ ಅಲೆ: 🏹🌊. ಅದನ್ನ ನೋಡಿ ಸಿವಿಲ್‌ನವನು ನಕ್ಕ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ಹೊಳೆಯೇ ಇಲ್ಲ, ಸಮುದ್ರ ಎಲ್ಲಿಂದ ಬರಬೇಕು? ನಮ್ಮ ಕಡೆ ಊರಿನ ಹೆಸರಿನ ಕೊನೆಗೆ ಬರೋ ಸಮುದ್ರ ಸಾಮಾನ್ಯವಾಗಿ ಕೆರೆ. ಅಲೆಯ ಚಿತ್ರ ನೋಡಿ ಓದುವವನು ಸದ್ದು ಸರಿಯಾಗಿ ಹೇಳ್ತಾನೆ, ಊರನ್ನ ಮಾತ್ರ ಮಂಗಳೂರಿನ ಹತ್ತಿರ ಕಲ್ಪಿಸಿಕೊಳ್ತಾನೆ. ರೀಬಸ್ಸಿನ ಮೊದಲ ಪಾಠ ಅಲ್ಲೇ ಆಯ್ತು.

ಅವನ ಅಜ್ಜಿ ಈಗ ನಮ್ಮ ಮೂವರಿಗೂ ಅಜ್ಜಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಮೂರೂ ಸಲೀಸು. ಅಕ್ಷರ ಮಾತ್ರ ಯಾವ ಭಾಷೆದೂ ಬರಲ್ಲ. ಅಂಕಿ ಚೆನ್ನಾಗಿ ಬರುತ್ತೆ, ಬಸ್ಸಿನ ನಂಬರು, ಹಾಲಿನ ಡೈರಿ ಚೀಟಿ, ನೋಟು ಎಲ್ಲ ನೋಡಬಲ್ಲರು. ಮೊಮ್ಮಗ ಕೊಡಿಸಿದ ಫೋನಲ್ಲಿ ವಾಯ್ಸ್ ಮೆಸೇಜು ಕಳಿಸ್ತಾರೆ. ರಾತ್ರಿ ಊಟ ಆದಮೇಲೆ ನಾವು ಕವನ ತೋರಿಸಿದ್ವಿ. ತಮಾಷೆಗೆ ಅಂತಲೇ ತೋರಿಸಿದ್ದು.

ಅಜ್ಜಿ ಅಕ್ಷರಗಳನ್ನೆಲ್ಲ ದಾಟಿಕೊಂಡು ಚಿತ್ರಗಳ ಮೇಲೆ ಬೆರಳಿಟ್ಟು ಓದೋಕೆ ಶುರು ಮಾಡಿದ್ರು. 'ಆರು. ಚಂದ್ರ. ಮೋಡ. ಸಿಡ್ಲು. ಏಳು. ಛತ್ರಿ. ಮೇಕೆ. ಇದೇನಪ್ಪ, ಬೋಲ್ಟಾ?' ಆಮೇಲೆ ಒಂದು ನಿಮಿಷ ಯೋಚನೆ ಮಾಡಿ ಅಂದ್ರು: 'ಸಾಯಂಕಾಲ ಆರಕ್ಕೆ ಮೋಡ ಕಟ್ತೈತೆ, ಏಳಕ್ಕೆಲ್ಲ ಸಿಡ್ಲು ಮಳೆ. ಛತ್ರಿ ಹಿಡ್ಕೊಂಡು ಹೋಗಿ ಮೇಕೆ ಒಳಿಕ್ಕೆ ಕಟ್ಟಿ, ಬಾಗ್ಲು ಭದ್ರ ಮಾಡ್ಕೊಳ್ಳಿ ಅಂತ. ಸರಿಯಾಗೈತೆ. ಯಾರು ಬರ್ದಿದ್ದು?'

ನಾವು ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ನಮ್ಮ ಕವನಕ್ಕಿಂತ ಅವರ ಓದೇ ಚೆನ್ನಾಗಿ ಜೋಡಿಸಿಕೊಂಡಿತ್ತು, ಬೋಲ್ಟು ಕೂಡ ಬಾಗಿಲ ಚಿಲಕವಾಗಿ ಉಪಯೋಗಕ್ಕೆ ಬಂತು. ಆಮೇಲೆ ನಾವು ಬರೆದಿದ್ದನ್ನ ಓದಿ ಹೇಳಿದ್ವಿ. ಅಜ್ಜಿ ಕೇಳಿಸಿಕೊಂಡು ಎರಡು ಮಾತು ಹೇಳಿದ್ರು. ಮೊದಲನೇದು: 'ಆಡು ಅಂತ ನಮ್ಮ ಕಡೆ ಯಾರಂತಾರೆ? ಮೇಕೆ ಅಲ್ವಾ?' ಎರಡನೇದು: 'ಅಕ್ಷರ ಬರ್ದೇ ಇರೋಳು ನಾನು, ನಂಗೆ ಬೊಂಬೆ ಸರಿ. ಅಷ್ಟು ಓದಿರೋ ನಿಮಗ್ಯಾಕ್ರಪ್ಪ ಬೊಂಬೆ?'

ಎರಡನೇದಕ್ಕೆ ನಮ್ಮ ಹತ್ತಿರ ಅವತ್ತು ಉತ್ತರ ಇರಲಿಲ್ಲ. ಸಿಡಿಲಿನ ವಿಷಯ ನೆನಪಾಗಿ ಮೂವರೂ ತಲೆ ತಗ್ಗಿಸಿದ್ವಿ. ಮೊದಲನೇದರ ಬಗ್ಗೆ ಮಾತ್ರ ಮಹಡಿ ಮೇಲೆ ಹಾಸಿಗೆ ಹಾಸಿಕೊಂಡು ಅರ್ಧ ರಾತ್ರಿವರೆಗೆ ಚರ್ಚೆ ಮಾಡಿದ್ವಿ.

ಸಮಸ್ಯೆ ಏನು ಅಂದ್ರೆ, ಚಿತ್ರಕ್ಕೆ ಒಂದೇ ಹೆಸರು ಇರಲ್ಲ. 🐐 ನೋಡಿ ಆಡು ಅನ್ನೋರಿದ್ದಾರೆ, ಕೋಲಾರದ ಕಡೆ ಮೇಕೆ ಅಂತಾರೆ. ☔ ನೋಡಿ ಕರಾವಳಿಯವರು ಕೊಡೆ ಅಂತಾರೆ, ಅಜ್ಜಿ ಛತ್ರಿ ಅಂದ್ರು. ⚡ ನೋಡಿ ಒಬ್ಬರು ಮಿಂಚು, ಇನ್ನೊಬ್ಬರು ಸಿಡಿಲು, ಹಾಸ್ಟೆಲಿನವರು ಕರೆಂಟು. ಅರ್ಥಕ್ಕಾಗಿ ಚಿತ್ರ ಹಾಕಿದ್ದರೆ ಯಾವ ಹೆಸರು ಹೇಳಿದ್ರೂ ನಡೀತಿತ್ತು. ಸದ್ದಿಗಾಗಿ ಹಾಕಿದಾಗ ಹೆಸರು ತಪ್ಪಿದ್ರೆ ಎಲ್ಲಾ ತಪ್ಪು. 'ಅಂಗಳಕ್ಕೆ ಬಾ ಮೇಕೆ' ಅಂದ್ರೆ ಆಟ ಎಲ್ಲಿಂದ ಬರಬೇಕು? ಹಾಗಾದ್ರೆ ಓದುವವರು ನಮಗೆ ಬೇಕಾದ ಹೆಸರನ್ನೇ ಹೇಳೋ ಹಾಗೆ ಮಾಡೋದು ಹೇಗೆ?

ಸಿಎಸ್‌ನವನು ಪ್ಯಾರಿಟಿ ಬಿಟ್ ನೆನಪಿಸಿದ. ಕಳಿಸೋ ಡೇಟಾ ಜೊತೆ ಒಂದು ಹೆಚ್ಚಿನ ಬಿಟ್ ಕಳಿಸ್ತೀವಿ, ದಾರಿಯಲ್ಲಿ ಒಂದು ಬಿಟ್ ತಪ್ಪಿದ್ರೆ ಅದು ಹೇಳಿಬಿಡುತ್ತೆ. ಕವನದಲ್ಲೂ ಅಂಥದ್ದೊಂದು ಬೇಕು, ಓದುವವನು ತಪ್ಪು ಹೆಸರು ಹಿಡಿದ್ರೆ ಅವನಿಗೇ ಗೊತ್ತಾಗಬೇಕು. ಕನ್ನಡದಲ್ಲಿ ಅಂಥದ್ದು ಮೊದಲಿಂದಲೇ ಇದೆ ಅಂತ ಅವತ್ತು ನಮಗೆ ಗೊತ್ತಾಯ್ತು.

ಒಂದು, ವಿಭಕ್ತಿ. ಸ್ಕೂಲಲ್ಲಿ ಬಾಯಿಪಾಠ ಮಾಡಿ ಮರೆತದ್ದು. ಮೋಡ ಅನ್ನೋದಕ್ಕೆ ಷಷ್ಠಿ ಸೇರಿದ್ರೆ ಮೋಡದ. ಮಳೆಗೆ ಸೇರಿದ್ರೆ ಮಳೆಯ. ಚಂದ್ರನಿಗೆ ಸೇರಿದ್ರೆ ಚಂದ್ರನ. ಪದದ ಕೊನೆ ಯಾವ ಸ್ವರ, ಅದು ವಸ್ತುವೋ ವ್ಯಕ್ತಿಯೋ ಅನ್ನೋದರ ಮೇಲೆ ನಡುವೆ ದ, ಯ, ನ ಬದಲಾಗುತ್ತೆ. ಅಂದ್ರೆ ಚಿತ್ರದ ಬಾಲಕ್ಕೆ ಒಂದು ಅಕ್ಷರ ಅಂಟಿಸಿದ್ರೆ ಸಾಕು, ಪದ ಯಾವುದು ಅಂತ ಅರ್ಧ ಹೇಳಿದ ಹಾಗೆ. 🌧️ದ ಅಂತ ಕಂಡರೆ ಓದುವವನು ಮೋಡದ ಅಂತಾನೆ, 🌧️ಯ ಅಂತ ಕಂಡರೆ ಮಳೆಯ ಅಂತಾನೆ. ಚಿತ್ರ ಒಂದೇ. ಜಪಾನಿನವರು ಬರೆಯೋದೂ ಹೀಗೇ. ಚಿತ್ರದಂಥ ಕಾಂಜಿ ಅಕ್ಷರದ ಮುಂದೆ ಪ್ರತ್ಯಯದ ಸದ್ದು ಹೇಳೋಕೆ ಸಣ್ಣ ಅಕ್ಷರಗಳನ್ನ ಸೇರಿಸ್ತಾರೆ, ಅದಕ್ಕೆ ಒಕುರಿಗನ ಅಂತ ಹೆಸರು. ಇಮೋಜಿ ಕೂಡ ಬೆಳೆದದ್ದು ಆ ದೇಶದಲ್ಲೇ. 1999ರಲ್ಲಿ ಡೊಕೊಮೊ ಕಂಪನಿಗಾಗಿ ಶಿಗೆತಾಕ ಕುರಿತ ಅವರು ಮಾಡಿದ 176 ಚಿತ್ರಗಳು ಅದರ ಹಳೆಯ ಗುಂಪುಗಳಲ್ಲಿ ಒಂದು.

ಆದರೆ ಈ ಉಪಾಯ ಎಲ್ಲಾ ಪದಕ್ಕೂ ನಡೆಯಲ್ಲ. ಮಿಂಚು, ಗುಡುಗು, ಸಿಡಿಲು ಥರ ಉಕಾರದಲ್ಲಿ ಮುಗಿಯೋ ಪದಗಳನ್ನ ತಗೊಳ್ಳಿ. ಮಿಂಚು ಮತ್ತು ಇನ ಸೇರಿದಾಗ ಚು ಹೋಗಿ ಚಿ ಆಗುತ್ತೆ, ಮಿಂಚಿನ. ಸಂಧಿ ನಡೆಯೋದು ಅಕ್ಷರದ ಒಳಗೆ. ಅಕ್ಷರದ ಜಾಗದಲ್ಲಿ ಚಿತ್ರ ಕೂತಿದ್ದರೆ ಗುಡಿಸು ಎಲ್ಲಿ ಹಾಕೋದು? ಹಾಕಿ ನೋಡಿದ್ವಿ. ಫೋನಲ್ಲಿ ⚡ ಪಕ್ಕದಲ್ಲಿ ಗುಡಿಸಿನ ಕೋಡ್ ಇದೆ, U+0CBF, ಆದರೆ ಅದಕ್ಕೆ ಹಿಡಿದುಕೊಳ್ಳೋಕೆ ವ್ಯಂಜನ ಇಲ್ಲ. ಹಾಗಾಗಿ ಚುಕ್ಕೆ ಚುಕ್ಕೆ ವೃತ್ತದ ಮೇಲೆ ಗುಡಿಸು ಕೂತು ಬಂತು. ಅದು ತಪ್ಪು ಅಂತ ಫಾಂಟೇ ಹೇಳ್ತಿದೆ. ಅದೂ ಅಲ್ಲದೆ ಮಿಂಚಿನ, ಸಿಡಿಲಿನ, ಕರೆಂಟಿನ ಮೂರಕ್ಕೂ ಬಾಲ ಒಂದೇ. ಹಾಗಾಗಿ ⚡ ತೆಗೆದು ಮಿಂಚಿನ ಅಂತ ಅಕ್ಷರದಲ್ಲೇ ಬರೆಯೋದು ಅಂತ ತೀರ್ಮಾನ ಮಾಡಿದ್ವಿ. ಕಾಗುಣಿತ ಬೇಕಿದ್ದರೆ ನಿಘಂಟು ನೋಡಿದ್ರಾಯ್ತು. ಅಂದ ಹಾಗೆ ಅದು ಸಿಡಿಲು.

ಮಳೆ ಮತ್ತು ಕಾಲ ಸೇರಿದಾಗಲೂ ಹೀಗೇ. 🌧️🦵 ಅಂತ ಮಳೆಗಾಲ ಬರೆಯೋ ಆಸೆ ಇತ್ತು. ಆದರೆ ಕಾಲ ಅನ್ನೋದು ಅಲ್ಲಿ ಗಾಲ ಆಗಿಬಿಡುತ್ತೆ, ಕಕಾರಕ್ಕೆ ಗಕಾರ ಆದೇಶ. ಕಾಲು ತೋರಿಸಿ ಗಾಲ ಅನ್ನಿ ಅಂದ್ರೆ ಯಾರೂ ಅನ್ನಲ್ಲ. ಅದನ್ನೂ ಬಿಟ್ವಿ.

ಎರಡು, ಪ್ರಾಸ. ವಿಭಕ್ತಿ ನಾಮಪದಕ್ಕೆ ಮಾತ್ರ. ನಮ್ಮ ಆಡು ಕ್ರಿಯಾಪದ, ಅದಕ್ಕೆ ಬಾಲ ಇಲ್ಲ. ಇಲ್ಲಿ ಕೆಲಸಕ್ಕೆ ಬಂದಿದ್ದು ಕನ್ನಡದ ಹಳೇ ಆದಿಪ್ರಾಸ. ಇಂಗ್ಲಿಷ್ ರೈಮ್ ಸಾಲಿನ ಕೊನೆಯಲ್ಲಿ ಬರುತ್ತೆ. ನಮ್ಮ ಆದಿಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಬರುತ್ತೆ, ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಸಾಲಿನ ಮೊದಲಲ್ಲಿ ಚಿತ್ರ ಇಟ್ಟು, ಉಳಿದ ಸಾಲುಗಳ ಎರಡನೇ ಅಕ್ಷರವನ್ನೆಲ್ಲ 'ಡ' ಮಾಡಿದ್ರೆ? ಆಗ 🐐 ಮೇಕೆ ಆಗೋಕೆ ಸಾಧ್ಯವಿಲ್ಲ, ಆಡು ಆಗಲೇಬೇಕು. ☔ ಛತ್ರಿ ಆಗಲ್ಲ, ಕೊಡೆ ಆಗಲೇಬೇಕು. ಮಳೆಯ ಪದಗಳಲ್ಲಿ ಡ ಎಷ್ಟೊಂದು ಇದೆ ಅಂತ ಅವಾಗ ಗಮನಿಸಿದ್ವಿ. ಮೋಡ, ಗುಡುಗು, ಸಿಡಿಲು, ಕೊಡೆ, ಗಿಡ, ಕಾಡು, ಸುಡು. ಹಳೇ ನಿಯಮದ ಪ್ರಕಾರ ಮೊದಲಕ್ಷರದ ಹ್ರಸ್ವ ದೀರ್ಘವೂ ಹೊಂದಬೇಕು. ಅಷ್ಟು ನಮ್ಮ ಕೈಲಾಗಲಿಲ್ಲ.

ಬೆಳಗ್ಗೆ ಅಜ್ಜಿ ಇನ್ನೊಂದು ತಪ್ಪು ಹಿಡಿದ್ರು, ಇದು ಇಮೋಜಿದಲ್ಲ. 'ಮೊದಲ್ನೇ ಮಳೆಗೆ ಬೀಜ ಮೊಳಿತೈತೆ ಅಂತ ಬರ್ದಿದ್ದೀರಲ್ಲ, ಮೊದಲ್ನೇ ಮಳೆಗೆ ಯಾರಾನ ರಾಗಿ ಬಿತ್ತುತಾರಾ?' ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಮಿಂಚಿನ ಜೊತೆ ಬರೋ ಮಳೆಗೆ ಅವರ ಕಡೆ ಹೊಲ ಉಳ್ತಾರೆ. ಕಾದು ಗಟ್ಟಿಯಾದ ಮಣ್ಣು ಆಗ ಬಿಡಿಸಿಕೊಳ್ಳುತ್ತೆ. ರಾಗಿ ಬಿತ್ತೋದು ಆಮೇಲೆ, ಮುಂಗಾರು ಹಿಡಿದು ನೆಲ ಚೆನ್ನಾಗಿ ಹದವಾದ ಮೇಲೆ. ಮೊದಲ ಮಳೆಗೆ ತಾನಾಗೇ ಮೊಳೆಯೋದು ಕಳೆ, ಅದನ್ನ ಮತ್ತೆ ಉತ್ತು ಮಣ್ಣಿಗೆ ಸೇರಿಸ್ತಾರೆ. ಹೀಗೆ ನಮ್ಮ ಬೋಲ್ಟಿನ ಸಾಲು ಹೋಯ್ತು, ಅದರ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಇಮೋಜಿ ಇದೆ, ಎಲ್ಲಾ ಊರಲ್ಲೂ ಹೆಸರೂ ಒಂದೇ.

ತಿಂಗಳಿಗೂ ಅಜ್ಜಿಯೇ ಸಹಾಯ ಮಾಡಿದ್ರು. 🌙 ನೋಡಿ ಚಂದ್ರ ಅಂದವರು ಅವರೇ, ಆದರೆ ನಾವು ಹೇಳಿದ ತಕ್ಷಣ 'ಹೌದಲ್ಲ, ಬೆಳದಿಂಗಳು ಅಂತೀವಲ್ಲ' ಅಂದ್ರು. ಬೆಳದಿಂಗಳು ಪದದ ಒಳಗೆ ತಿಂಗಳು ಇದೆ ಅನ್ನೋದು, ಅದು ಬೆಳ್ಳಗಿನ ಚಂದ್ರ ಅನ್ನೋದು ನಮಗೆ ಅವತ್ತೇ ಕಂಡಿದ್ದು. ನಾವು ತಿಂಗಳು ಅಂದ್ರೆ ಚಂದ್ರ ಅಂತ ನಿಘಂಟಿನಲ್ಲಿ ನೋಡಿ ಹಾಕಿದ್ವಿ.

ಹಾಸ್ಟೆಲಿಗೆ ವಾಪಸ್ ಬಂದು ತಿದ್ದಿದ ಕವನ ಇದು:

ಸುಡುವ ನೆಲ ಕಾದಿತ್ತು ಆರು 🌙
☁️ದ ಮರೆಯಲ್ಲಿ ಮಿಂಚಿನ ಬೆರಳು
ಗುಡುಗಿನ ಸದ್ದಿಗೆ ಅಜ್ಜಿ ಅಂದಳು 7️⃣
☔ ಬೇಡ, ಬಾ, 🌧️ಯ ಮಾತು ಕೇಳು
🐐 ಬಾ ಅಂಗಳದಿ ಹನಿಗಳ ಜೊತೆಗೆ
ನೋಡು, 🚜 ಹೊರಟಿತು ಹೊಲದ ಕಡೆಗೆ

ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ: ಸುಡು, ಮೋಡ, ಗುಡು, ಕೊಡೆ, ಆಡು, ನೋಡು. ಕೊನೆ ಕಡೆ ತಿಂಗಳಿಗೆ ಬೆರಳು, ಏಳಿಗೆ ಕೇಳು ಜೋಡಿ ಇದೆ. ಮೊದಲ ಸಾಲಿನ ಕೊನೆಯಲ್ಲಿ ಚಂದ್ರ ಅಂತ ಓದಿದ್ರೆ ಬೆರಳಿನ ಜೊತೆ ಕೂರಲ್ಲ, ಓದುವವನು ನಿಂತು ಇನ್ನೊಂದು ಹೆಸರು ಹುಡುಕ್ತಾನೆ.

ಹುಡುಕ್ತಾನಾ ಅಂತ ನೋಡೋಕೆ ನಮ್ಮ ಫ್ಲೋರಿನ ಎಂಟು ಜನಕ್ಕೆ ತೋರಿಸಿದ್ವಿ. ಏನೂ ಸುಳಿವು ಕೊಡದೆ ಜೋರಾಗಿ ಓದಿ ಅಂದ್ವಿ. ಮೋಡದ, ಮಳೆಯ, ಟ್ರ್ಯಾಕ್ಟರ್ ಎಲ್ಲರೂ ಸರಿ ಹೇಳಿದ್ರು. ಏಳು ಅಂತ ಎಲ್ಲರೂ ಓದಿದ್ರು, ಆದರೆ ಅದು ಎದ್ದೇಳು ಅಂತ ಕೆಲವರಿಗೆ ಮುಂದಿನ ಸಾಲಿಗೆ ಹೋದಮೇಲೇ ಹೊಳೆದಿದ್ದು. 🐐 ಹತ್ತಿರ ಐದು ಜನ ಮೇಕೆ ಅಂದ್ರು. ಅದರಲ್ಲಿ ಮೂವರು ತಾವಾಗೇ ನಿಂತು, 'ಮೇಕೆ ಬಾ ಅಲ್ಲ, ತಡಿ' ಅಂತ ಮೇಲಿನ ಸಾಲು ಮತ್ತೆ ಓದಿ ಆಡು ಅಂದ್ರು. ಇನ್ನಿಬ್ಬರು ಮೇಕೆಯನ್ನೇ ಮಳೆಯಲ್ಲಿ ಕರ್ಕೊಂಡು ಹೋದ್ರು. ಆ ಇಬ್ಬರಿಗೆ ಆದಿಪ್ರಾಸ ಅಂದ್ರೇನು ಅಂತ ಗೊತ್ತಿರಲಿಲ್ಲ, ಒಂದು ವಾರದ ಹಿಂದೆ ನಮಗೂ ಗೊತ್ತಿರಲಿಲ್ಲ. ಚೆಕ್ ಮಾಡೋ ನಿಯಮ ಎರಡೂ ಕಡೆ ಗೊತ್ತಿದ್ದರೆ ಮಾತ್ರ ಪ್ಯಾರಿಟಿ ಕೆಲಸ ಮಾಡುತ್ತೆ.

ಅಜ್ಜಿಯ ಎರಡನೇ ಪ್ರಶ್ನೆ ಇನ್ನೂ ಬಾಕಿ ಇತ್ತು. ಅಕ್ಷರ ಬರೋರಿಗೆ ಬೊಂಬೆ ಯಾಕೆ. ಬರೆಯೋಕೆ ಬರದ ಪದ ಮುಚ್ಚಿಡೋಕೆ ಬೊಂಬೆ ಹಾಕಿದ್ರೆ ಅದಕ್ಕೆ ಉತ್ತರ ಇಲ್ಲ. ಈಗಿನ ಕವನದಲ್ಲಿರೋ ಏಳೂ ಪದಗಳನ್ನ ಅಕ್ಷರದಲ್ಲಿ ತಪ್ಪಿಲ್ಲದೆ ಬರೆಯಬಲ್ಲೆವಾ ಅಂತ ಒಬ್ಬರಿಗೊಬ್ಬರು ಪರೀಕ್ಷೆ ಮಾಡಿಕೊಂಡ ಮೇಲೇ ಚಿತ್ರ ಇಟ್ವಿ. ಅಷ್ಟು ಹೇಳಬಹುದು. ಅಜ್ಜಿಗೆ ಫೋನ್ ಮಾಡಿ ಹೊಸ ಕವನ ಓದಿ ಹೇಳಿದ್ವಿ, ಏಳು ಅನ್ನೋದು ಎರಡು ಥರ ಹೇಗೆ ಅಂತಲೂ ಹೇಳಿದ್ವಿ. 'ಹೂಂ' ಅಂದ್ರು. ಕವನವನ್ನ ಅವರ ಫೋನಿಗೂ ಕಳಿಸಿದ್ವಿ.

ನಾಲ್ಕು ದಿನ ಬಿಟ್ಟು ಸಿವಿಲ್‌ನವನಿಗೆ ಒಂದು ಮೆಸೇಜು ಬಂತು. ಇಲ್ಲಿವರೆಗೆ ಅಜ್ಜಿ ವಾಯ್ಸ್ ಮೆಸೇಜು ಬಿಟ್ಟು ಬೇರೆ ಏನೂ ಕಳಿಸಿರಲಿಲ್ಲ. ಈ ಸಲ ದನಿ ಇರಲಿಲ್ಲ, ಇದ್ದದ್ದು ಇಷ್ಟೇ:

🌧️🌧️ 🐐🏠

ಮಳೆ ಜೋರು, ಮೇಕೆ ಮನೆಯೊಳಗೆ. ಇದನ್ನ ಮೂವರೂ ಒಂದೇ ಸಲಕ್ಕೆ ಓದಿದ್ವಿ, ಇಲ್ಲಿ ಅದು ಆಡು ಅಲ್ಲ, ಮೇಕೆಯೇ. ಮಾರನೇ ದಿನ ಬೆಳಗ್ಗೆ ಇನ್ನೊಂದು ಬಂದಿತ್ತು:

🐓 7

ಇದಕ್ಕೆ ಸ್ವಲ್ಪ ಹೊತ್ತು ಜಗಳ ಆಡಿದ್ವಿ. ಏಳು ಕೋಳಿ ತಗೊಂಡ್ರಾ? ಏಳು ಗಂಟೆಗೆ ಫೋನ್ ಮಾಡಬೇಕಾ? ಮೆಸೇಜು ಬಂದ ಸಮಯ ನೋಡಿದ್ವಿ, ಬೆಳಗ್ಗೆ 5.40. ಅವತ್ತು ನಮಗೆ ಎಂಟೂವರೆಗೆ ಲ್ಯಾಬು ಇತ್ತು, ಹಿಂದಿನ ದಿನ ಫೋನಲ್ಲಿ ಅದನ್ನೇ ಹೇಳಿದ್ವಿ. ಕೋಳಿ ಕೂಗ್ತು, ಏಳು.

ನಾವು ನೋಡಿದಾಗ ಟೈಮು ಎಂಟಾಗಿತ್ತು.